ನಂಬರ್ ಅಸಲಿ, ಗಾಡಿ ಯಾರದು?

ಮಾರೇನಹಳ್ಳಿಯಲ್ಲಿ ಕೆಎ 02 ನಂಬರಿನ ಹಳೆಯ ಬೈಕ್ ನೋಡಲು ಹೋಗಿದ್ದೀರಿ ಎನ್ನಿ. ಮಾರುವವನು ಎಂಪರಿವಾಹನ್ ಆ್ಯಪ್ ತೆರೆದು ನಂಬರ್ ಒತ್ತುತ್ತಾನೆ. ಮಾಡೆಲ್, ನೋಂದಣಿ ದಿನಾಂಕ, ವಿಮೆ ಎಲ್ಲ ಸರಿಯಾಗಿದೆ. ಬಹಳ ಮಂದಿ ಅಲ್ಲೇ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಕೊಡಬಾರದು. ಕದ್ದ ಗಾಡಿಗೆ ಅದೇ ಮಾಡೆಲಿನ, ಅದೇ ಬಣ್ಣದ ಬೇರೊಬ್ಬರ ಗಾಡಿಯ ನಂಬರ್ ಹಾಕಿದ್ದರೆ ಆ್ಯಪ್ ತೋರಿಸುವುದು ಆ ಬೇರೊಬ್ಬರ ದಾಖಲೆಯನ್ನು. ದಾಖಲೆ ಸುಳ್ಳಲ್ಲ, ಎದುರಿಗಿರುವ ಗಾಡಿ ಅದರದ್ದಲ್ಲ.

ಆದ್ದರಿಂದ ಶುರು ಮಾಡಬೇಕಾದದ್ದು ಚಾಸಿ ನಂಬರಿನಿಂದ. ಬೈಕಿನಲ್ಲಿ ಅದು ಸಾಮಾನ್ಯವಾಗಿ ಹ್ಯಾಂಡಲ್ ಕೆಳಗಿನ ಫ್ರೇಮಿನ ಕತ್ತಿನ ಮೇಲೆ ಇರುತ್ತದೆ. ಆರ್‌ಸಿ ಕಾರ್ಡ್ ನೋಡಿ ಓದಬೇಡಿ, ಕಾರ್ಡನ್ನೇ ನಕಲು ಮಾಡಿರಬಹುದು. ಕಬ್ಬಿಣದ ಮೇಲಿರುವುದನ್ನೇ ಬರೆದುಕೊಳ್ಳಿ. ಸಾರಿಗೆ ಇಲಾಖೆಯ ‘ವಾಹನ್’ ಪೋರ್ಟಲ್‌ನಲ್ಲಿ ಸೇವೆಗೆ ಹೋದರೆ ಗಾಡಿ ನಂಬರಿನ ಜೊತೆ ಚಾಸಿಯ ಕೊನೆಯ ಐದು ಅಂಕಿ ಕೇಳುತ್ತದೆ. ನೀವು ಬರೆದುಕೊಂಡ ಐದನ್ನು ಅದು ಒಪ್ಪದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಿತು.

ಒಪ್ಪಿದರೂ ಒಂದು ಸಂಶಯ ಉಳಿಯುತ್ತದೆ. ಹಳೆಯ ಅಂಕಿ ಉಜ್ಜಿ ಹೊಸದನ್ನು ಪಂಚ್ ಮಾಡಿರಬಹುದು. ಆರ್‌ಟಿಒ ಅರ್ಜಿಗೆ ತೆಗೆಯುವಂತೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಕಾರ್ಖಾನೆಯ ಅಕ್ಷರಗಳು ಒಂದೇ ಸಾಲಿನಲ್ಲಿ, ಒಂದೇ ಆಳದಲ್ಲಿ ಮೂಡುತ್ತವೆ. ಕೈಯಲ್ಲಿ ಬಡಿದವು ಸೊಟ್ಟಗಿರುತ್ತವೆ, ಸುತ್ತ ಗ್ರೈಂಡಿಂಗ್ ಗೀರು ಅಥವಾ ಅಷ್ಟಕ್ಕೇ ಹೊಡೆದ ಹೊಸ ಪೇಂಟ್ ಇರುತ್ತದೆ. ಹದಿನೇಳು ಅಕ್ಷರಗಳ ಈ ಸಂಖ್ಯೆಯಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದೇ ಇಲ್ಲ. ಕಂಡರೆ ನಕಲಿ. ಎಂಜಿನ್ ನಂಬರನ್ನೂ ದಾಖಲೆಗೆ ಹೋಲಿಸಿ.

ಬೆಂಗಳೂರಿನವರಿಗೆ ಇನ್ನೊಂದು ಸಾಕ್ಷಿ ಸಿಗುತ್ತದೆ, ಅದನ್ನು ಬಳಸುವವರು ಕಡಿಮೆ. ಸಂಚಾರ ಪೊಲೀಸರ ದಂಡದ ನೋಟಿಸಿನಲ್ಲಿ ಕ್ಯಾಮೆರಾ ತೆಗೆದ ಫೋಟೊ ಇರುತ್ತದೆ. ಬಾಕಿ ದಂಡ ಎಷ್ಟು ಎಂದು ನೋಡಿ ಸುಮ್ಮನಾಗದೆ ಫೋಟೊ ತೆರೆಯಿರಿ. ಅದರಲ್ಲಿರುವ ಸ್ಟಿಕ್ಕರ್, ಕ್ರ್ಯಾಶ್ ಗಾರ್ಡ್, ಹಿಂದಿನ ಲೈಟು ಎದುರಿಗಿರುವ ಗಾಡಿಗೆ ಹೊಂದದಿದ್ದರೆ, ಒಂದೇ ನಂಬರಿನಲ್ಲಿ ಎರಡು ಗಾಡಿ ಓಡುತ್ತಿರಬಹುದು.

ಕಳವಿನ ದಾಖಲೆಗೆ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ‘ವಾಹನ್ ಸಮನ್ವಯ್’ ಇದೆ. ಅಲ್ಲಿಯೂ ಚಾಸಿ ಮತ್ತು ಎಂಜಿನ್ ನಂಬರಿನಿಂದ ಹುಡುಕಿ. ಆದರೆ ದೂರು ದಾಖಲಾಗದ ಕಳವು ಅದರಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಏಕೆಂದರೆ, ಕದ್ದ ಮಾಲು ಕೊಂಡವನಿಗೆ ಒಡೆತನ ಬರುವುದಿಲ್ಲ. ಪೊಲೀಸರು ಗಾಡಿ ಜಪ್ತಿ ಮಾಡಿದರೆ ನಿಮ್ಮ ದುಡ್ಡಿಗೆ ಮಾರಿದವನನ್ನೇ ಹುಡುಕಬೇಕು. ಹಾಗಾಗಿ ದಾಖಲೆಯ ಮಾಲೀಕರೇ ಎದುರು ಕೂತು, ತಮ್ಮ ಡಿಜಿಲಾಕರಿನ ಆರ್‌ಸಿ ತೋರಿಸಿ, ಫಾರಂ 29 ಮತ್ತು 30ಕ್ಕೆ ಸಹಿ ಹಾಕಲಿ. ಮೊದಲೇ ಸಹಿಯಾದ ಖಾಲಿ ಫಾರಂ ಹಿಡಿದು ಬಂದ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.