ರಜೆ ಮೂಡಿಗೆರೆಗೆ, ಬಿಸಿಲು ಕಡೂರಿಗೆ

ಜುಲೈ ತಿಂಗಳಲ್ಲಿ ನಮ್ಮ ಹಾಸ್ಟೆಲಿನಲ್ಲಿ ಪಠ್ಯಪುಸ್ತಕಕ್ಕಿಂತ ಹೆಚ್ಚು ಶ್ರದ್ಧೆಯಿಂದ ಓದುವ ಒಂದು ಬರಹ ಇದೆ. ಅದು ಜಿಲ್ಲಾಧಿಕಾರಿಗಳ ಮಳೆ ರಜೆ ಆದೇಶ. ಹೆಚ್ಚಿನ ಸಲ ಅದರಲ್ಲಿ 'ಚಿಕ್ಕಮಗಳೂರು ಜಿಲ್ಲೆಗೆ ರಜೆ' ಅಂತ ಇರುವುದಿಲ್ಲ. ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಅಂತ ತಾಲ್ಲೂಕುಗಳ ಹೆಸರು ಬರುತ್ತವೆ. ಚಿಕ್ಕಮಗಳೂರು ತಾಲ್ಲೂಕಿನಲ್ಲಾದರೆ ಆಲ್ದೂರು, ಖಾಂಡ್ಯ, ವಸ್ತಾರೆ ಅಂತ ಹೋಬಳಿಗಳನ್ನೇ ಹೆಸರಿಸಿರುತ್ತಾರೆ. ಕಡೂರಿನ ಹೆಸರು ಇರುವುದು ಅಪರೂಪ. ಕಡೂರು ಕಡೆಯವನಾದ ನನಗೆ ಇದರಿಂದ ರಜೆಯ ನಷ್ಟ ಆಗಿದೆ, ನಿಜ. ಆದರೂ ನಮ್ಮ ಜಿಲ್ಲೆಯ ಬಗ್ಗೆ ಸರ್ಕಾರ ಬರೆಯುವ ಕಾಗದಗಳಲ್ಲಿ ಇದೇ ಅತ್ಯಂತ ಸರಿಯಾದದ್ದು ಅಂತ ನನ್ನ ಅಭಿಪ್ರಾಯ. ಈ ಆದೇಶ ಬರೆಯುವವರಿಗೆ ಜಿಲ್ಲೆಯ ಗೆರೆ ಬೇರೆ, ಮಳೆಯ ಗೆರೆ ಬೇರೆ ಅನ್ನುವುದು ಗೊತ್ತಿದೆ.

ಮಳೆಯ ಗೆರೆಯನ್ನು ಕೃಷಿ ವಿಜ್ಞಾನಿಗಳು ಬಹಳ ಹಿಂದೆಯೇ ಎಳೆದಿದ್ದಾರೆ. 1979ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ರಾಷ್ಟ್ರೀಯ ಕೃಷಿ ಸಂಶೋಧನಾ ಯೋಜನೆ ಎಂಬುದನ್ನು ಆರಂಭಿಸಿತು. ಅದರಡಿ ಪ್ರತಿ ರಾಜ್ಯವನ್ನು ಮಳೆಯ ಪ್ರಮಾಣ, ಮಳೆ ಬೀಳುವ ಕಾಲ, ಮಣ್ಣು, ನೆಲದ ಎತ್ತರ, ಬೆಳೆಯುವ ಬೆಳೆ ಇವೆಲ್ಲವನ್ನೂ ನೋಡಿ ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದರು. ಕರ್ನಾಟಕಕ್ಕೆ ಹತ್ತು ವಲಯಗಳು ಬಂದವು. ಅವುಗಳಲ್ಲಿ ಮೂರು ನಮ್ಮ ಒಂದೇ ಜಿಲ್ಲೆಯಲ್ಲಿವೆ. ಕಡೂರು ಮಧ್ಯ ಒಣ ವಲಯ. ತರೀಕೆರೆ ದಕ್ಷಿಣ ಸಂಕ್ರಮಣ ವಲಯ, ಅಂದರೆ ನಾವು ಅರೆಮಲೆನಾಡು ಅನ್ನುವ ಭಾಗ. ಉಳಿದ ತಾಲ್ಲೂಕುಗಳೆಲ್ಲ ಗುಡ್ಡಗಾಡು ವಲಯ.

ಶೃಂಗೇರಿಯಿಂದ ಕಡೂರಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 80 ಕಿಲೋಮೀಟರ್. ಶೃಂಗೇರಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಕಡೂರಿನಲ್ಲಿ 600ರ ಆಸುಪಾಸು. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟ ಹತ್ತುವಾಗ ತಣಿದು, ಶೃಂಗೇರಿ, ಕೊಪ್ಪ, ಕಳಸದ ಮೇಲೆ ಹೊರೆ ಇಳಿಸುತ್ತದೆ. ಉಳಿದದ್ದಕ್ಕೆ ಬಾಬಾಬುಡನ್‌ಗಿರಿ ಸಾಲು ಎರಡನೆಯ ಗೋಡೆ. 1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿ ಇರುವುದು ಈ ಸಾಲಿನಲ್ಲೇ. ಅದನ್ನು ದಾಟಿ ಸಖರಾಯಪಟ್ಟಣ, ಕಡೂರಿನ ಕಡೆಗೆ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ, ಮೋಡ ಚದುರುತ್ತದೆ. ಜುಲೈನಲ್ಲಿ ನಮ್ಮೂರಿನಲ್ಲಿ ಅಂಗಳಕ್ಕೆ ಬಂದು ಮೇಲೆ ನೋಡಿದರೆ ಮೋಡಗಳು ಪೂರ್ವಕ್ಕೆ ಓಡುತ್ತಿರುತ್ತವೆ. ತುಂತುರು ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ.

ಪ್ರಮಾಣವಷ್ಟೇ ಅಲ್ಲ, ಕಾಲವೂ ಬೇರೆ. ನನ್ನ ರೂಮಿನಲ್ಲಿರುವ ಕೊಪ್ಪದ ಗೆಳೆಯನ ಮನೆಯಲ್ಲಿ ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ಅಡಿಕೆ ಕೊನೆಗೆ ಬೋರ್ಡೋ ದ್ರಾವಣ ಹೊಡೆದಾಗಿರಬೇಕು. ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು ನೂರು ಲೀಟರ್. ಮಳೆ ಬಿಡುವು ಕೊಡದೆ ಎರಡನೆಯ ಸಲದ ಸಿಂಪಡಣೆ ತಡವಾದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ. ಅದೇ ವಾರ ನಮ್ಮ ಅಬ್ಬಾ ರಾಗಿ ಬಿತ್ತಲು ಒಂದು ಹದ ಮಳೆಗೆ ಕಾಯುತ್ತಿರುತ್ತಾರೆ. ನಮ್ಮ ಕಡೆ ನೆಲ ನಿಜವಾಗಿ ನೆನೆಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಯ ಸಂಜೆ ಗುಡುಗಿನ ಮಳೆಗೆ. ಅವರಿಗೆ ಅತಿಮಳೆಯ ಚಿಂತೆ, ನಮಗೆ ಮಳೆಯೇ ಇಲ್ಲದ ಚಿಂತೆ. ಇಬ್ಬರ ಪಹಣಿಯಲ್ಲೂ ಜಿಲ್ಲೆ ಮಾತ್ರ ಒಂದೇ.

ಈಗ ನನ್ನ ತಕರಾರಿಗೆ ಬರುತ್ತೇನೆ. 'ಜಿಲ್ಲೆಯಲ್ಲಿ ವಾಡಿಕೆ ಮಳೆ' ಅನ್ನುವ ಸುದ್ದಿಯನ್ನು ಎಲ್ಲರೂ ಓದಿರುತ್ತೀರಿ. ಒಂದು ಲೆಕ್ಕ ಮಾಡಿ ನೋಡೋಣ. ಜಿಲ್ಲೆಯಲ್ಲಿ ಎರಡೇ ಮಳೆಮಾಪಕ ಇವೆ ಅಂದುಕೊಳ್ಳಿ. ಒಂದು ಕಡೂರಿನಲ್ಲಿ, ವಾಡಿಕೆ 600 ಮಿ.ಮೀ. ಇನ್ನೊಂದು ಶೃಂಗೇರಿಯಲ್ಲಿ, ವಾಡಿಕೆ 3,700 ಅಂತ ಇಟ್ಟುಕೊಳ್ಳೋಣ. ಒಂದು ವರ್ಷ ಕಡೂರಿನಲ್ಲಿ ಶೇ. 40 ಕೊರತೆಯಾಗಿ 360 ಮಾತ್ರ ಬಿತ್ತು. ಶೃಂಗೇರಿಯಲ್ಲಿ ಶೇ. 10 ಹೆಚ್ಚಾಗಿ 4,070 ಬಿತ್ತು. ಎರಡೂ ಸೇರಿಸಿದರೆ ವಾಡಿಕೆ 4,300, ಬಿದ್ದದ್ದು 4,430. ಅಂದರೆ ಜಿಲ್ಲೆಯಲ್ಲಿ ಶೇ. 3ರಷ್ಟು ಹೆಚ್ಚು ಮಳೆ! ಹವಾಮಾನ ಇಲಾಖೆಯ ಅಳತೆಯಲ್ಲಿ ವಾಡಿಕೆಗಿಂತ ಶೇ. 19ರವರೆಗೆ ಹೆಚ್ಚು ಕಡಿಮೆ ಆದರೂ ಅದು ಸಾಮಾನ್ಯ ಮಳೆ. ಶೇ. 20ರಿಂದ 59ರವರೆಗೆ ಕಡಿಮೆಯಾದರೆ ಕೊರತೆ. ಹಾಗಾಗಿ ಕಡೂರಿನಲ್ಲಿ ರಾಗಿ ಒಣಗಿರುತ್ತದೆ, ಜಿಲ್ಲೆ ಸಾಮಾನ್ಯವಾಗಿರುತ್ತದೆ. ಕಡೂರಿಗೆ ಬಾರದ 240 ಮಿ.ಮೀ. ಒಂದು ಬೆಳೆಯ ಜೀವ. ಶೃಂಗೇರಿಗೆ ಹೆಚ್ಚಾಗಿ ಬಂದ 370 ಮಿ.ಮೀ. ಹಳ್ಳದಲ್ಲಿ ಹರಿದು ಹೋದ ನೀರು. ನಿಜವಾದ ಲೆಕ್ಕದಲ್ಲಿ ಮಾಪಕಗಳು ಹೆಚ್ಚಿರುತ್ತವೆ. ಆದರೆ ಒಂದು ಕಡೆಯ ಅಂಕಿ ಇನ್ನೊಂದರ ಆರು ಪಟ್ಟು ಇರುವಾಗ ಸರಾಸರಿ ದೊಡ್ಡದರ ಕಡೆಗೇ ವಾಲುತ್ತದೆ.

ಬರ ಘೋಷಣೆಯನ್ನು ರಾಜ್ಯ ಸರ್ಕಾರ ತಾಲ್ಲೂಕು ಮಟ್ಟದಲ್ಲೇ ಮಾಡುತ್ತದೆ, ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ ಅಂತ ಯಾರಾದರೂ ಹೇಳಬಹುದು. ಅದು ಸರಿ, ಮತ್ತು ಒಳ್ಳೆಯದು. ಆದರೆ ಬ್ಯಾಂಕುಗಳು ಒಂದು ಎಕರೆ ಬೆಳೆಗೆ ಎಷ್ಟು ಸಾಲ ಅನ್ನುವ ಪಟ್ಟಿಯನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಮಾಡುತ್ತದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ನಮ್ಮ ಫೋನಿಗೆ ಬರುವುದು ಜಿಲ್ಲೆಯ ಹೆಸರಿನಲ್ಲಿ. ಆರೆಂಜ್ ಅಲರ್ಟ್ ದಿನ ನಮ್ಮೂರಿನಲ್ಲಿ ಒಣಗಲು ಹಾಕಿದ ಕೊಬ್ಬರಿಯನ್ನು ಯಾರೂ ಒಳಗೆ ತರುವುದಿಲ್ಲ. ನಿಜವಾಗಿಯೂ ಮಳೆ ಬರುವ ದಿನವೂ ತರುವುದಿಲ್ಲ. ಎಚ್ಚರಿಕೆಯ ಮೇಲಿನ ನಂಬಿಕೆ ಹೋಗುವುದು ಹೀಗೆ.

ವಲಯದ ಗೆರೆ ಹಿಡಿದು ನಡೆದರೆ ಏನಾಗುತ್ತದೆ ಅನ್ನುವುದಕ್ಕೆ ಸಂಶೋಧನಾ ಕೇಂದ್ರಗಳನ್ನು ನೋಡಬೇಕು. ಗುಡ್ಡಗಾಡು ವಲಯದ ಕೇಂದ್ರ ಇರುವುದು ನಮ್ಮದೇ ಜಿಲ್ಲೆಯ ಮೂಡಿಗೆರೆಯಲ್ಲಿ. ಆದರೆ ಕಡೂರಿನ ರೈತನಿಗೆ ಬೇಕಾದ ಕೇಂದ್ರ ಅದಲ್ಲ. ಮಧ್ಯ ಒಣ ವಲಯದ ಕೇಂದ್ರ ಚಿತ್ರದುರ್ಗ ಜಿಲ್ಲೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿದೆ. ತರೀಕೆರೆಯವರಿಗೆ ಶಿವಮೊಗ್ಗದ ನವುಲೆ. ನೀರಿಗೂ ಇದು ಗೊತ್ತಿರುವ ಹಾಗಿದೆ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾ ನದಿ ಅಯ್ಯನಕೆರೆ ತುಂಬಿಸಿ, ಕಡೂರಿನ ಬಳಿ ಅವತಿಯನ್ನು ಸೇರಿ ವೇದಾವತಿಯಾಗಿ, ಹಿರಿಯೂರಿನ ವಾಣಿವಿಲಾಸ ಸಾಗರಕ್ಕೇ ಹೋಗುತ್ತದೆ.

ಜಿಲ್ಲೆಯ ಗೆರೆ ಎಷ್ಟು ಸುಲಭವಾಗಿ ಬದಲಾಗುತ್ತದೆ ಅನ್ನುವುದಕ್ಕೆ ಹರಪನಹಳ್ಳಿ ಸಾಕು. ಬಳ್ಳಾರಿಯಲ್ಲಿದ್ದ ಆ ತಾಲ್ಲೂಕು 1997ರಲ್ಲಿ ದಾವಣಗೆರೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಷ್ಟೂ ಕಾಲ ಅದು ಉತ್ತರ ಒಣ ವಲಯದಲ್ಲೇ ಇತ್ತು. ನಮ್ಮ ಜಿಲ್ಲೆಗೇ 1947ರವರೆಗೆ ಕಡೂರು ಜಿಲ್ಲೆ ಅಂತ ಹೆಸರಿತ್ತು. ಇವತ್ತು ಹೊರಗಿನವರು ಕಾಫಿ, ಮಂಜು ಅಂತ ನೆನೆಯುವ ಜಿಲ್ಲೆಗೆ ಒಂದು ಒಣ ತಾಲ್ಲೂಕಿನ ಹೆಸರು!

ಹಾಗಂತ ವಲಯದ ನಕ್ಷೆಯೂ ಪೂರ್ತಿ ಸರಿಯಿಲ್ಲ. ಅದು ಜಿಲ್ಲೆಯನ್ನು ದಾಟಿತು, ತಾಲ್ಲೂಕಿನ ಹತ್ತಿರ ನಿಂತುಬಿಟ್ಟಿತು. ಅಂಕಿ ಅಂಶ ಸಿಗುತ್ತಿದ್ದದ್ದು ತಾಲ್ಲೂಕುವಾರು ಆದ್ದರಿಂದ ವಲಯವನ್ನೂ ಇಡೀ ತಾಲ್ಲೂಕುಗಳನ್ನು ಜೋಡಿಸಿ ಮಾಡಿದರು. ಹಾಗಾಗಿ ಚಿಕ್ಕಮಗಳೂರು ತಾಲ್ಲೂಕು ಪೂರ್ತಿ ಗುಡ್ಡಗಾಡು ವಲಯ. ಅದೇ ತಾಲ್ಲೂಕಿನ ಲಕ್ಯಾ ಹೋಬಳಿಗೆ ಒಮ್ಮೆ ಹೋಗಿ ನೋಡಿ. ಅಲ್ಲಿ ಗುಡ್ಡವೂ ಇಲ್ಲ, ಕಾಫಿಯೂ ಇಲ್ಲ, ಅದು ಕೆರೆ ತುಂಬಲಿ ಅಂತ ಕಾಯುವ ಬಯಲುಸೀಮೆ. ತರೀಕೆರೆ ತಾಲ್ಲೂಕು ಸಂಕ್ರಮಣ ವಲಯವಾದ್ದರಿಂದ ಮಂಜು ಮುಸುಕಿದ ಕೆಮ್ಮಣ್ಣುಗುಂಡಿಯೂ ಪಟ್ಟಿಯ ಪ್ರಕಾರ ಅರೆಮಲೆನಾಡು. ಗುಡ್ಡಗಾಡು ವಲಯಕ್ಕೆ ಕೊಟ್ಟಿರುವ ಮಳೆಯ ಮಿತಿಯೇ ಸುಮಾರು 900ರಿಂದ 3,700 ಮಿ.ಮೀ. ಮಧ್ಯ ಒಣ ವಲಯದ್ದು ಸುಮಾರು 450ರಿಂದ 720. ಎರಡನೆಯದು ಒಂದು ವಲಯ ಅನ್ನಬಹುದು. ಮೊದಲನೆಯದರಲ್ಲಿ ನಾಲ್ಕು ಪಟ್ಟು ವ್ಯತ್ಯಾಸ ಇರುವಾಗ ಅದನ್ನು ಒಂದೇ ವಲಯ ಅನ್ನುವುದು ಕಷ್ಟ.

1979ರಲ್ಲಿ ಇದಕ್ಕೆ ಬೇರೆ ದಾರಿ ಇರಲಿಲ್ಲ. ಈಗ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಅಂಕಿ ಕಳುಹಿಸುವ ಮಳೆಮಾಪಕಗಳನ್ನು ಇಟ್ಟಿದೆ. ಹೋಬಳಿವಾರು ಮಳೆ ದಿನವೂ ಸಿಗುತ್ತದೆ. ರೈತ ಸಂಪರ್ಕ ಕೇಂದ್ರಗಳೂ ಇರುವುದು ಹೋಬಳಿಯಲ್ಲೇ. ಆದ್ದರಿಂದ ವಲಯದ ಗೆರೆಯನ್ನು ಹೋಬಳಿಗಳ ಮೇಲೆ ಮತ್ತೆ ಎಳೆಯಬೇಕು, ಮತ್ತು ನಮ್ಮಂಥ ಜಿಲ್ಲೆಗಳಲ್ಲಿ 'ಜಿಲ್ಲಾ ಸರಾಸರಿ' ಪ್ರಕಟಿಸುವುದನ್ನು ಬಿಟ್ಟು ವಲಯವಾರು ಅಂಕಿ ಕೊಡಬೇಕು ಅನ್ನುವುದು ನನ್ನ ವಾದ. ಹಾಸನಕ್ಕೂ ಇದು ಬೇಕು. ಅಲ್ಲಿ ಒಣ ಅರಸೀಕೆರೆಯಿಂದ ಸಕಲೇಶಪುರದವರೆಗೆ ನಾಲ್ಕು ವಲಯಗಳಿವೆ.

ಸರ್ಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ನಮ್ಮ ಕಾಲೇಜಿನಲ್ಲಿ ಕಳಸದಿಂದ ಕಡೂರಿನವರೆಗಿನ ವಿದ್ಯಾರ್ಥಿಗಳಿದ್ದಾರೆ. ಭೂಗೋಳ ವಿಭಾಗದ ಗೋಡೆಯ ಮೇಲೆ ಜಿಲ್ಲೆಯ ದೊಡ್ಡ ನಕ್ಷೆ ಇದೆ, ಈಗ ಅದರಲ್ಲಿ ತಾಲ್ಲೂಕಿಗೊಂದು ಬಣ್ಣ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಸೋಮವಾರ ಒಬ್ಬೊಬ್ಬರು ತಮ್ಮ ಹೋಬಳಿಯ ವಾರದ ಮಳೆಯನ್ನು ಅದರ ಪಕ್ಕದಲ್ಲಿ ಚೀಟಿ ಅಂಟಿಸಿ ಬರೆಯೋಣ ಅಂತ ನಮ್ಮ ಉಪನ್ಯಾಸಕರನ್ನು ಕೇಳಿದ್ದೇನೆ. ಒಂದು ಷರತ್ತು ಇದೆ. ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಅಂಕಿಗಳನ್ನೇ ಎಲ್ಲರೂ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಒಂದೇ ಮಳೆ ಎರಡು ದಿನದ ಲೆಕ್ಕಕ್ಕೆ ಬರುತ್ತದೆ. ಲಕ್ಯಾ ಮತ್ತು ಆಲ್ದೂರಿನಿಂದ ಒಬ್ಬೊಬ್ಬರು ಬೇಕಾಗಿದ್ದಾರೆ. ಹೆಸರನ್ನು ದ್ವಿತೀಯ ಪಿಯುಸಿ ಕಲಾ ವಿಭಾಗದ ತರಗತಿ ಪ್ರತಿನಿಧಿಯ ಬಳಿ ಕೊಡಿ.