ಕಾಣದ ಗ್ರಹಣಕ್ಕೆ ಯಾಕ್ರೋ ಉಪವಾಸ?

1/5
ಆಗಸ್ಟ್ 12, ಬುಧವಾರ, ಭೀಮನ ಅಮಾವಾಸ್ಯೆ. ಅವತ್ತೇ ಸೂರ್ಯಗ್ರಹಣ. ಈಗಲೇ ಬರೆದಿಟ್ಕೊಳ್ಳಿ: ಆ ವಾರ ನಿಮ್ಮ ಮನೆ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂದೇ ಬರುತ್ತೆ. "ಬೆಳಗ್ಗೆ 9ರ ಮೇಲೆ ಒಲೆ ಹಚ್ಚಬೇಡಿ, ಗರ್ಭಿಣಿಯರು ಹೊರಗೆ ಬರಬೇಡಿ" ಅಂತ. ಕಡುಬು ಮಾಡೋಕೆ ಹಿಟ್ಟು ಕಲಸಿದ ಅಮ್ಮ ಕೈ ತೊಳ್ಕೊಂಡು ಕೂರ್ತಾರೆ.

ಆದರೆ ಆ ಗ್ರಹಣ ಶುರುವಾಗೋದು ನಮ್ಮ ಗಡಿಯಾರದಲ್ಲಿ ರಾತ್ರಿ 9 ಗಂಟೆ ದಾಟಿದ ಮೇಲೆ. ಆಗ ಸೂರ್ಯ ದೊಡ್ಡೇರಿಯ ಮೇಲಿರಲ್ಲ, ನಮ್ಮ ಕಾಲ ಕೆಳಗಿರ್ತಾನೆ! ಪೂರ್ತಿ ಗ್ರಹಣ ಕಾಣೋದು ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್, ಸ್ಪೇನ್ ಕಡೆಯವರಿಗೆ. ಅವರ ನೆರಳಿಗೆ ನಮ್ಮ ಹೊಟ್ಟೆ ಯಾಕೆ ಕಾಯಬೇಕು?

2/5
"ಶಾಸ್ತ್ರ ಕಣೋ, ಪ್ರಶ್ನೆ ಮಾಡಬಾರದು" ಅಂತೀರಾ? ಸರಿ, ಶಾಸ್ತ್ರದ ಲೆಕ್ಕಾನೇ ನೋಡೋಣ.

ಸೂರ್ಯಗ್ರಹಣಕ್ಕೆ ಮುಂಚಿನ 4 ಯಾಮ, ಚಂದ್ರಗ್ರಹಣಕ್ಕೆ ಮುಂಚಿನ 3 ಯಾಮ ಊಟ ಬಿಡಬೇಕು ಅನ್ನೋದು ರೂಢಿ. ಯಾಮ ಅಂದ್ರೆ ಸುಮಾರು 3 ಗಂಟೆ. ಹಾಗಾಗಿ ಒಂದಕ್ಕೆ 12 ಗಂಟೆ, ಇನ್ನೊಂದಕ್ಕೆ 9 ಗಂಟೆ. ಫಾರ್ವರ್ಡ್‌ನಲ್ಲಿ ಬರೋ "ಬೆಳಗ್ಗೆ 9" ಹುಟ್ಟೋದು ಹೀಗೆ: ರಾತ್ರಿ 9ರಿಂದ 12 ಕಳೆದರೆ ಬೆಳಗ್ಗೆ 9. ಕಳೆಯೋದು ಬಂತು, ಮುಂದಿನ ಸಾಲು ಓದೋಕೆ ಬರಲಿಲ್ಲ.

ಆ ಸಾಲು ಏನು ಗೊತ್ತಾ? ಗ್ರಹಣ ನಿಮ್ಮ ಊರಲ್ಲಿ ಕಣ್ಣಿಗೆ ಕಾಣುವಂತಿದ್ದರೆ ಮಾತ್ರ ಆಚರಣೆ. ಮನೆಯ ಪಂಚಾಂಗ ತೆಗೆದು ನೋಡಿ. ಕಾಣದ ಗ್ರಹಣಕ್ಕೆ "ಭಾರತದಲ್ಲಿ ಗೋಚರವಿಲ್ಲ, ಆಚರಣೆ ಇಲ್ಲ" ಅನ್ನೋ ಅರ್ಥದ ಮಾತು ಇರುತ್ತೆ. ಆಗಸ್ಟ್ 28ರ ರಾಖಿ ಹುಣ್ಣಿಮೆಯ ಚಂದ್ರಗ್ರಹಣವೂ ಹಾಗೇ. ಭೂಮಿಯ ಗಾಢ ನೆರಳು ಚಂದ್ರನನ್ನ ಮುಟ್ಟೋದು ಬೆಳಗ್ಗೆ 8ಕ್ಕೆ. ಅಷ್ಟೊತ್ತಿಗೆ ನಮ್ಮ ಚಂದ್ರ ಮುಳುಗಿ ಗಂಟೆ ಮೇಲಾಗಿರುತ್ತೆ.

3/5
ಕಾಣುವ ಗ್ರಹಣದ ಕಥೆಗೆ ಬನ್ನಿ. ಕಳೆದ ವರ್ಷ, 2025ರ ಸೆಪ್ಟೆಂಬರ್ 7, ಭಾನುವಾರ. ಚಂದ್ರನಿಗೆ ನೆರಳು ಹತ್ತಿದ್ದು ರಾತ್ರಿ 9:57ಕ್ಕೆ, ಬಿಟ್ಟಿದ್ದು 1:26ಕ್ಕೆ. 9 ಗಂಟೆ ಹಿಂದಕ್ಕೆ ಹೋದರೆ ಮಧ್ಯಾಹ್ನ 1ರ ಹೊತ್ತಿಗೆ ಊಟ ಮುಗೀಬೇಕು. ಅಲ್ಲಿಂದ ಗ್ರಹಣ ಬಿಡೋವರೆಗೆ ಹನ್ನೆರಡೂವರೆ ಗಂಟೆ ಖಾಲಿ ಹೊಟ್ಟೆ.

ಗಟ್ಟಿಮುಟ್ಟಾದವರು ನಂಬಿಕೆಯಿಂದ ಇರ್ತೀನಿ ಅಂದ್ರೆ ಇರಲಿ. ಆದರೆ ಇನ್ಸುಲಿನ್ ತಗೊಳ್ಳೋ ಅಜ್ಜಿ? ಸೂಜಿ ಹಾಕ್ಕೊಂಡು ಊಟ ಬಿಟ್ರೆ ಶುಗರ್ ಇಳಿಯುತ್ತೆ. ಬೆವರು, ಕೈನಡುಕ, ತಲೆಸುತ್ತು, ಆಮೇಲೆ ಮಾತು ತೊದಲೋದು. ಅದು ರಾಹು ಹಿಡಿದದ್ದಲ್ಲ ಕಣ್ರೋ, ಊಟ ಇಲ್ಲದ್ದು. ಎಚ್ಚರ ಇದ್ದಾಗಲೇ ಸಕ್ಕರೆ ನೀರು ಕೊಡಿ.

ಇದಕ್ಕೂ ಪಂಚಾಂಗದಲ್ಲೇ ರಿಯಾಯಿತಿ ಇದೆ. ಮಕ್ಕಳು, ಮುದುಕರು, ಕಾಯಿಲೆಯವರಿಗೆ ಬರೀ ಒಂದು ಯಾಮದಷ್ಟು ಮಾತ್ರ ಅಂತ ಹಲವು ಪಂಚಾಂಗಗಳು ಹೇಳ್ತವೆ. ಅಂದ್ರೆ ಅವತ್ತು ಅಜ್ಜಿ ಸಂಜೆ 6:30ಕ್ಕೆ ಊಟ ಮಾಡಬಹುದಿತ್ತು. ಔಷಧಿ ಇರೋರಿಗೆ ಡಾಕ್ಟರ್ ಹೇಳಿದ ಹೊತ್ತೇ ಹೊತ್ತು, ಅದಕ್ಕಿಂತ ದೊಡ್ಡ ಯಾಮ ಇಲ್ಲ.

4/5
"ಅಡುಗೆ ವಿಷ ಆಗುತ್ತೆ, ದರ್ಭೆ ಹಾಕು" ಅನ್ನೋರಿಗೆ ಒಂದೇ ಪ್ರಶ್ನೆ. ಹೊಲದಲ್ಲಿ ನಿಂತಿದ್ದ ರಾಗಿಗೆ, ಕಡ್ಲೆಕಾಯಿಗೆ ಅವತ್ತು ಯಾರು ದರ್ಭೆ ಹಾಕಿದ್ರು? ಮಾರನೇ ದಿನದ ಹಾಲನ್ನ ಡೈರಿಗೆ ಹಾಕಲಿಲ್ವಾ? ಚಂದ್ರಗ್ರಹಣ ಅಂದ್ರೆ ಭೂಮಿಯ ನೆರಳು ಚಂದ್ರನ ಮೇಲೆ ಬೀಳೋದು, ಅಷ್ಟೇ. ಅಲ್ಲಿಂದ ನಮ್ಮ ಸಾರಿನ ಪಾತ್ರೆಗೆ ಏನೂ ಇಳಿಯಲ್ಲ. ಸಾರು ಹಳಸೋದು ಸೆಖೆಗೆ, ಗ್ರಹಣಕ್ಕಲ್ಲ.

ದೇವಸ್ಥಾನ ಮುಚ್ಚೋದು? ಅದರ ಮೇಲೆ ನನಗೆ ಜಗಳ ಇಲ್ಲ. ಬಾಗಿಲು ಹಾಕಿ, ಬಿಟ್ಟ ಮೇಲೆ ತೊಳೆದು ಪೂಜೆ ಮಾಡೋದರಿಂದ ಯಾರ ಹೊಟ್ಟೆಗೂ ಹೊಡೆತ ಬೀಳಲ್ಲ. ಆದರೆ "ಎಲ್ಲಾ ಕಡೆ ಮುಚ್ಚಲೇಬೇಕು" ಅನ್ನಬೇಡಿ. ಆಂಧ್ರದ ಶ್ರೀಕಾಳಹಸ್ತಿ ದೇವಸ್ಥಾನ ಗ್ರಹಣದಲ್ಲೂ ತೆರೆದಿರುತ್ತೆ, ಆ ಹೊತ್ತಲ್ಲೇ ಪೂಜೆ ನಡೆಯುತ್ತೆ. ದೇವರ ಬಾಗಿಲಿಗೇ ಊರಿಗೊಂದು ಪದ್ಧತಿ ಇರುವಾಗ, ಬಸುರಿ ಅಕ್ಕನಿಗೆ ಮಾತ್ರ ಕತ್ತಲೆ ಕೋಣೆ ಕಡ್ಡಾಯವಾ?

5/5
ಈ ಮಾರ್ಚ್ 3ರ ಗ್ರಹಣ ನೆನಪಿದೆಯಾ? ಚಂದ್ರ ಹುಟ್ಟುವಾಗಲೇ ನೆರಳಲ್ಲಿದ್ದ, 6:47ಕ್ಕೆ ಬಿಡ್ತು. ನಮಗೆ ಕಾಣುವಂತಿದ್ದದ್ದು ಹೆಚ್ಚೂಕಮ್ಮಿ ಕಾಲು ಗಂಟೆ. ಹಗಲೆಲ್ಲಾ ಉಪವಾಸ ಇದ್ದು, ಆ ಕಾಲು ಗಂಟೆ ಬಾಗಿಲು ಹಾಕ್ಕೊಂಡು ಒಳಗೆ ಕೂತವರೇ ಜಾಸ್ತಿ! ಚಂದ್ರಗ್ರಹಣವನ್ನ ಬರಿಗಣ್ಣಲ್ಲಿ ನೋಡಿದ್ರೆ ಏನೂ ಆಗಲ್ಲ.

ಸೂರ್ಯಗ್ರಹಣ ಬೇರೆ. 2027ರ ಆಗಸ್ಟ್ 2, ಸೋಮವಾರ, ಮತ್ತೆ ಭೀಮನ ಅಮಾವಾಸ್ಯೆ. ಅವತ್ತು ಸಂಜೆ ಮೋಡ ಇಲ್ಲದಿದ್ರೆ ಸೂರ್ಯನ ಒಂದು ಭಾಗ ಮುಚ್ಚಿರೋದು ನಮ್ಮೂರಿಂದಲೇ ಕಾಣುತ್ತೆ. ಅಲ್ಲಿ ಹೆದರಬೇಕಾದ್ದು ಒಂದಕ್ಕೇ, ಕಣ್ಣಿಗೆ. ಎಕ್ಸ್‌ರೇ ಫಿಲ್ಮು, ಕೂಲಿಂಗ್ ಗ್ಲಾಸು ಬೇಡ. ಗ್ರಹಣದ ಕನ್ನಡಕ ಬೇಕು, ಇಲ್ಲಾಂದ್ರೆ ರಟ್ಟಿಗೆ ಸಣ್ಣ ತೂತು ಮಾಡಿ ಬಿಂಬವನ್ನ ಗೋಡೆ ಮೇಲೆ ಬೀಳಿಸಿ ನೋಡಿ.

ಅಲ್ಲಿವರೆಗೆ ಒಂದು ಕೆಲಸ. ಆಗಸ್ಟ್ 12ಕ್ಕೆ ಫಾರ್ವರ್ಡ್ ಬಂದಾಗ ಅಜ್ಜಿ ಜೊತೆ ಜಗಳ ಆಡಬೇಡಿ. ಅವರದೇ ಪಂಚಾಂಗ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು, "ಅಜ್ಜಿ, ಇದನ್ನ ಓದು" ಅನ್ನಿ. ಆಮೇಲೆ ಕಡುಬು ತಿನ್ನಿ.

#ಗ್ರಹಣ #ದೊಡ್ಡೇರಿ #ಮಧುಗಿರಿ #ಭೀಮನಅಮಾವಾಸ್ಯೆ