ಮುಚ್ಚಿದ ಶಾಖೆಯ ವಿದ್ಯಾರ್ಥಿಗಳಿಗೆ ಉಳಿದ ಅವಧಿಯ ಶುಲ್ಕ ಹಿಂತಿರುಗಿಸುವಂತೆ ಕೋರಿ ಮನವಿ ಪತ್ರ

ಇವರಿಗೆ: ಆಡಳಿತ ಮಂಡಳಿಯ ಅಧ್ಯಕ್ಷರು, ತರಬೇತಿ ಸಂಸ್ಥೆಯ ಪ್ರಧಾನ ಕಚೇರಿ, ಬೆಂಗಳೂರು
ಪ್ರತಿ: ಜಿಲ್ಲಾಧಿಕಾರಿಗಳು, ದಾವಣಗೆರೆ
ಇವರಿಂದ: ದಾವಣಗೆರೆ ಶಾಖೆಯ ವಿದ್ಯಾರ್ಥಿಗಳ ಪಾಲಕರು

ಮಾನ್ಯರೇ,

ಎರಡು ವರ್ಷಗಳ ನೀಟ್ ಮತ್ತು ಜೆಇಇ ತರಬೇತಿಗೆಂದು 2024ರ ಜೂನ್‌ನಲ್ಲಿ ಪೂರ್ಣ ಶುಲ್ಕ ಪಡೆದ ಸಂಸ್ಥೆಯು 2025ರ ಮಾರ್ಚ್ ಕೊನೆಯಲ್ಲಿ ದಾವಣಗೆರೆ ಶಾಖೆಯನ್ನು ಮುಚ್ಚಿದ್ದು, ಪಾಲಕರು ಬರೆದ ಪತ್ರಗಳಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವನ್ನಲ್ಲದೆ ಬೇರೇನನ್ನೂ ನೀಡಿಲ್ಲ. ಮುಂಗಡ ಹಣ ಪಡೆಯುವಾಗ ಇದ್ದ ಆತುರ ಅದನ್ನು ಹಿಂತಿರುಗಿಸುವಾಗ ಕಾಣದಿರುವುದು ಅತ್ಯಂತ ನೋವಿನ ಸಂಗತಿ.

ಲಗತ್ತಿಸಿದ ರಸೀದಿಗಳಲ್ಲಿ ಒಂದನ್ನು ಪರಿಶೀಲಿಸಿದರೆ ಲೆಕ್ಕ ಸ್ಪಷ್ಟವಾಗುತ್ತದೆ: ಶೇ 18ರ ಜಿಎಸ್‌ಟಿ ಸೇರಿ ಪಾವತಿಸಿದ ಶುಲ್ಕ 1,20,000 ರೂಪಾಯಿ, ತರಬೇತಿಯ ಅವಧಿ 24 ತಿಂಗಳು, ಪಾಠ ನಡೆದದ್ದು 10 ತಿಂಗಳು. ತಿಂಗಳಿಗೆ 5,000 ರೂಪಾಯಿಯಂತೆ ಉಳಿದ 14 ತಿಂಗಳಿಗೆ 70,000 ರೂಪಾಯಿ ವಾಪಸು ಬರಬೇಕು. ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು, ವಿದ್ಯಾರ್ಥಿಯೇ ತರಬೇತಿಯನ್ನು ನಡುವೆ ಬಿಟ್ಟರೂ ಉಳಿದ ಅವಧಿಯ ಶುಲ್ಕವನ್ನು ಪ್ರಮಾಣಾನುಸಾರ, ಅಂದರೆ ಪಾಠ ನಡೆಯದ ದಿನಗಳ ಲೆಕ್ಕದಲ್ಲಿ, 10 ದಿನದೊಳಗೆ ಮರಳಿಸಬೇಕೆನ್ನುತ್ತದೆ; ಹಾಗಿರುವಾಗ ಸಂಸ್ಥೆಯೇ ಬಾಗಿಲು ಹಾಕಿದಲ್ಲಿ ಹಿಂದೆಮುಂದೆ ನೋಡುವುದಕ್ಕೆ ಯಾವ ಆಧಾರವಿದೆ?

ಪ್ರವೇಶ ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ‘ಒಮ್ಮೆ ಕಟ್ಟಿದ ಶುಲ್ಕ ಹಿಂತಿರುಗಿಸಲಾಗದು’ ಎಂಬ ಷರತ್ತಾಗಲಿ, ತರಗತಿಗೆ ಬದಲಾಗಿ ನೀಡಿರುವ ಆನ್‌ಲೈನ್ ವಿಡಿಯೊಗಳಾಗಲಿ ಇದಕ್ಕೆ ಉತ್ತರವಾಗಲಾರವು. ಒಪ್ಪಿಕೊಂಡ ಸೇವೆಯನ್ನು ಒಪ್ಪಿದಂತೆ ನೀಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸೇವಾ ನ್ಯೂನತೆ ಎಂದು ಪರಿಗಣಿಸುತ್ತದೆ. ದೂರುದಾರರು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸಲು ಅದೇ ಕಾಯ್ದೆ ಅವಕಾಶ ನೀಡಿರುವುದರಿಂದ, ವ್ಯಾಜ್ಯಗಳೆಲ್ಲ ಬೆಂಗಳೂರಿನಲ್ಲೇ ನಡೆಯಬೇಕೆಂಬ ಅರ್ಜಿಯ ಇನ್ನೊಂದು ಸಾಲನ್ನು ತೋರಿಸಿ ಪಾಲಕರನ್ನು ಹೆದರಿಸುವುದು ವ್ಯರ್ಥ.

ಹಲವರ ಶುಲ್ಕವನ್ನು ಸಂಸ್ಥೆಯೇ ಗೊತ್ತುಮಾಡಿದ ಹಣಕಾಸು ಕಂಪನಿಯ ಸಾಲದಿಂದ ಭರಿಸಲಾಗಿದೆ. ಕಂಪನಿಯು ಪೂರ್ಣ ಮೊತ್ತವನ್ನು ಸಂಸ್ಥೆಗೆ ಮೊದಲೇ ಸಂದಾಯ ಮಾಡಿರುವುದರಿಂದ, ಬೀಗ ಬಿದ್ದ ತರಗತಿಗಾಗಿ ಪಾಲಕರು ಇಂದಿಗೂ ಕಂತು ಕಟ್ಟುತ್ತಿದ್ದಾರೆ. ಒಂದು ಕಂತು ತಪ್ಪಿದರೂ ಅವರ ಸಿಬಿಲ್ ಅಂಕ, ಅಂದರೆ ಸಾಲ ಮರುಪಾವತಿಯ ವಿಶ್ವಾಸಾರ್ಹತೆಯ ಅಳತೆ, ಕುಸಿಯುತ್ತದೆ. ಇಂಥವರ ಬಾಕಿ ಸಾಲವನ್ನು ಸಂಸ್ಥೆಯು ಹಿಂತಿರುಗಿಸಬೇಕಾದ ಮೊತ್ತದಿಂದ ನೇರವಾಗಿ ತೀರಿಸಿ, ಋಣಮುಕ್ತ ಪತ್ರವನ್ನು ಕೊಡಿಸಬೇಕು.

ಇದಲ್ಲದೆ, ಬಾರದೆ ಉಳಿದ ಅಭ್ಯಾಸ ಪುಸ್ತಕಗಳನ್ನೂ ನಡೆದ ಪರೀಕ್ಷೆಗಳ ಅಂಕಪಟ್ಟಿಗಳನ್ನೂ ಒದಗಿಸಬೇಕು. ಬೆಂಗಳೂರು ಶಾಖೆಯಲ್ಲಿ ಮುಂದುವರಿಯಲು ಒಪ್ಪಿರುವ ಮೂವರು ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಶುಲ್ಕದಲ್ಲಿ ರಿಯಾಯಿತಿ ನೀಡಬೇಕೆಂದೂ ಕೋರಲಾಗಿದೆ.

ಈ ಪತ್ರ ತಲುಪಿದ 10 ದಿನದೊಳಗೆ ಹಣ ಖಾತೆಗೆ ಜಮೆಯಾಗದಿದ್ದಲ್ಲಿ ಪಾಲಕರು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಜಂಟಿಯಾಗಿ ದೂರು ದಾಖಲಿಸಲಿದ್ದಾರೆ.

ಲಗತ್ತು: ಶುಲ್ಕ ರಸೀದಿಗಳು, ಪ್ರವೇಶ ಅರ್ಜಿಯ ಎರಡೂ ಬದಿಯ ಪ್ರತಿ, ಸಾಲದ ಕಂತಿನ ವಿವರ, ಹಿಂದಿನ ಪತ್ರಗಳು ಮತ್ತು ಅವುಗಳ ಸ್ವೀಕೃತಿ.